ಕಾದ ಫೋನು

ಚಾಮರಾಜಪೇಟೆಯಲ್ಲೇ ಹುಟ್ಟಿ ಬೆಳೆದ ಕ್ಯಾಬ್ ಡ್ರೈವರ್ ನಂದೀಶನಿಗೆ ಅಲ್ಲಿ ಮ್ಯಾಪ್ ಬೇಕಿರಲಿಲ್ಲ. ಆದರೆ ಛತ್ರಕ್ಕೆ ಹೊರಟು ಪಕ್ಕದಲ್ಲಿ ಕೂತ ಗಿರಾಕಿ ಸಂಕರ್ಷಣನಿಗೆ ಅವನ ಮೇಲೆ ನಂಬಿಕೆಯಿರಲಿಲ್ಲ.

"ಸುತ್ತಾಡಿಸ್ಬೇಡ, ಮ್ಯಾಪ್ ನನಗೆ ಕಾಣ್ಬೇಕು" ಎಂದು ಏಸಿ ಗಾಳಿಗಿಟ್ಟಿದ್ದ ನಂದೀಶನ ಫೋನನ್ನು ಎತ್ತಿ ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸಿದ.

"ಬಿಸಿಲಿಗೆ ಕಾಯುತ್ತೆ ಸಾರ್, ಚಾರ್ಜಿಗೂ ಹಾಕಿದೀನಿ."

"ಸುಮ್ನೆ ಓಡ್ಸು."

ಮಧ್ಯಾಹ್ನದ ಬಿಸಿಲು, ಚಾರ್ಜು, ಬಿಡದೆ ಓಡುವ ಮ್ಯಾಪು ಎಲ್ಲ ಸೇರಿ ಫೋನು ಕಾದ ಹೆಂಚಾಯಿತು. ಮೊದಲು ಚಾರ್ಜ್ ನಿಂತಿತು, ಪರದೆ ಮಂಕಾಯಿತು, ಕೊನೆಗೆ ಆರಿಯೇ ಹೋಯಿತು.

"ಬೇಕಂತ್ಲೇ ಆಫ್ ಮಾಡಿದ್ಯಾ?" ಸಂಕರ್ಷಣ ಗುದ್ದಿದ ಏಟಿಗೆ ನಂದೀಶನ ತುಟಿ ಒಡೆದು ರಕ್ತ ಸುರಿಯಿತು.

ನಂದೀಶ ಬ್ರೇಕ್ ಹಾಕಿ, ಅವನ ಕೊರಳಪಟ್ಟಿ ಹಿಡಿದೆಳೆದು, ಫೋನನ್ನು ಕೆನ್ನೆಗೆ ಒತ್ತಿದ. ಸಂಕರ್ಷಣ ಚೀರಿದ.

"ಆಫ್ ಮಾಡಿದ್ಯಾರು ಅಂತ ಗೊತ್ತಾಯ್ತಾ? ಇಳೀರಿ. ನೀವು ಹೇಳಿದ ಛತ್ರ ಎದುರಿಗೇ ಇದೆ."