ತೊಳೆದ ತಾಟು

ಹಂಚಿನ ಮೇಲಿನ ರೊಟ್ಟಿಗೆ ಶಿವಗಂಗಾ ನೀರು ಸವರುತ್ತಿದ್ದಳು. ಬೆನ್ನ ಹಿಂದೆ ಅವ್ವ ಬಂದು ನಿಂತಳು. ಕೈಯಲ್ಲಿ ಕುಪ್ಪಸ.

“ಗಂಗಾ, ಇದಕ್ಕ ಎಲ್ಡು ಹೊಲಿಗಿ ಹಾಕಿಕೊಡು. ತೋಳು ಜೋತಾಡಾಕತ್ತಾವ.”

“ಹ್ವಾದ ತಿಂಗಳ ಹಾಕಿಕೊಟ್ಟಿದ್ನಲ್ಲವ್ವ.”

“ಅರಿಬಿ ಹಿಗ್ಗೈತಿ, ನಾ ಏನ್ ಮಾಡ್ಲಿ?”

ಶಿವಗಂಗಾ ಕುಪ್ಪಸವನ್ನು ತಿರುವಿ ನೋಡಿದಳು. ಒಳಗೆ ತನ್ನದೇ ಹೊಲಿಗೆಯ ಒಂದು ಸಾಲು, ಅದರೊಳಗೆ ಇನ್ನೊಂದು. ಈಗ ಕೇಳಿದ್ದು ಮೂರನೆಯದು. ಹಿಗ್ಗುವ ಬಟ್ಟೆಯಲ್ಲ ಅದು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಾಗಲೇ ಅವಳಿಗೆ ಎಚ್ಚರ.

ಅವ್ವ ವೀರಭದ್ರಮ್ಮನ ಬಾಯಲ್ಲಿ ಉಳಿದಿದ್ದು ನಾಲ್ಕು ಹಲ್ಲು. “ನಾಕೂ ನಾಕು ಮೂಲ್ಯಾಗ ಕುಂತಾವ, ಒಂದಕ್ಕೊಂದು ಮಾತಾಡಂಗಿಲ್ಲ,” ಎಂದು ತಾನೇ ನಗುತ್ತಿದ್ದಳು. ಮಸ್ಕಿಯ ಮಗಳ ಮನೆಗೆ ಬಂದ ಆರು ವರ್ಷದಿಂದ ಅವಳ ದಿನಚರಿ ಬದಲಾಗಿರಲಿಲ್ಲ: ಸ್ನಾನ, ಲಿಂಗಪೂಜೆ, ಆಮೇಲೆ ಊಟ. ಅಷ್ಟೊತ್ತಿಗೆ ಶಿವಗಂಗಾ ಸಾಲಿಗೆ ಹೋಗಿರುತ್ತಿದ್ದಳು. ಬಿಸಿಯೂಟದ ಅಡುಗೆ ಅವಳ ಕೆಲಸ. ನೂರಿಪ್ಪತ್ತು ಮಕ್ಕಳಿಗೆ ಬೇಳೆ ಅಳೆದು ಹಾಕಿ ಮಧ್ಯಾಹ್ನ ಮನೆಗೆ ಬಂದರೆ, ಅವ್ವನ ತಾಟು ತೊಳೆದು ಗೋಡೆಗೆ ಒರಗಿಸಿಟ್ಟಿರುತ್ತಿತ್ತು. ಪ್ರಸಾದ ಬಿಡಬಾರದೆಂದು ಅವ್ವ ಕಡೆಗೆ ತಾಟು ತೊಳೆದ ನೀರನ್ನೂ ಕುಡಿಯುವವಳು. “ನಮ್ಮವ್ವಗ ಈ ವಯಸ್ಸಿನ್ಯಾಗೂ ಊಟಕ್ಕೇನೂ ತ್ರಾಸಿಲ್ಲ,” ಎಂದು ಶಿವಗಂಗಾ ಓಣಿಯಲ್ಲಿ ಹೇಳಿಕೊಂಡದ್ದೂ ಉಂಟು.

ಅವತ್ತು ಸಾಲಿಗೆ ರಜೆ ಹೇಳಿ, ಅವ್ವನನ್ನು ಬಸ್ಸಿನಲ್ಲಿ ಸಿಂಧನೂರಿನ ದವಾಖಾನೆಗೆ ಕರೆದುಕೊಂಡು ಹೋದಳು. ತೂಕದ ಮುಳ್ಳು ಮೂವತ್ತಾರಕ್ಕೆ ನಿಂತಿತು. ಹಲ್ಲಿನ ಡಾಕ್ಟರಮ್ಮ ಬಾಯೊಳಗೆ ಬೆಳಕು ಬಿಟ್ಟು ನೋಡಿದಳು. ನಾಲ್ಕೂ ಸಡಿಲಾಗಿದ್ದವು, ವಸಡು ಬಾತಿತ್ತು.

“ಊಟ ಹೆಂಗ ಮಾಡ್ತಾರ?”

“ಚಲೋ ಮಾಡ್ತಾಳ್ರೀ. ತಾಟಿನ್ಯಾಗ ಒಂದಗಳು ಬಿಡಂಗಿಲ್ಲ,” ಎಂದಳು ಶಿವಗಂಗಾ.

ಡಾಕ್ಟರಮ್ಮ ಮುದುಕಿಯ ಕಡೆ ಬಾಗಿದಳು. “ತಾಟಿಗೆ ಎಷ್ಟು ಹಾಕ್ಕೋತೀರಿ, ಅಮ್ಮ?”

ವೀರಭದ್ರಮ್ಮ ಸೆರಗು ಸರಿಮಾಡಿಕೊಂಡಳು.

“ಬಿಡಬಾರದಲ್ರೀ. ನುಂಗಾಕ ಆಗೋವಷ್ಟ ಹಾಕ್ಕೋತೀನಿ. ಹಾಲಿನ್ಯಾಗ ನೆನಿಸಿ ಒಂದ್ ಚೂರು ರೊಟ್ಟಿ. ಒಮ್ಮೊಮ್ಮೆ ಗಂಜಿ.”

ಪರೀಕ್ಷೆ ಮಾಡಿಸಿದರೆ ರಕ್ತ ಕಡಿಮೆಯಿತ್ತು. ಮೈಯಲ್ಲಿ ಸ್ವಲ್ಪ ಕಸುವು ಬರಲಿ, ಹಲ್ಲು ತೆಗೆಯುವುದು ಆಮೇಲೆ ಎಂದಳು ಡಾಕ್ಟರಮ್ಮ. ವಸಡಿಗೂ ರಕ್ತಕ್ಕೂ ಗುಳಿಗೆ ಬರೆದಳು. “ತೆಳ್ಳನ ಗಂಜಿ ಹೊಟ್ಟಿ ತುಂಬಸ್ತೈತಿ, ಮೈಗೆ ಹತ್ತಂಗಿಲ್ಲ. ತತ್ತಿ ತಿನ್ನಂಗಿಲ್ಲ ಅಂದ್ರ ಬ್ಯಾಳಿ, ಮೊಸರು, ಹಾಲು ಒಡಿಸಿದ ಪನೀರ್ ಕೊಡ್ರಿ. ಮೆತ್ತಗಿರ್ಲಿ, ಖಾರ ಬ್ಯಾಡ, ಸುಡೋದು ಬ್ಯಾಡ. ಸ್ವಲ್ಪ ಸ್ವಲ್ಪ, ದಿನಕ್ಕ ಐದಾರು ಸಲ.”

ಬಸ್ಸಿನಲ್ಲಿ ಅವ್ವ ಕಿಟಕಿಗೆ ತಲೆ ಆನಿಸಿ ಮಲಗಿದಳು. ಒಂದು ಮಾತು ಶಿವಗಂಗಾಳ ಬಾಯಿತನಕ ಬಂದು ಹಿಂದೆ ಹೋಯಿತು. ಕೇಳಿದರೆ ಅವ್ವ ಹೌದೆಂದುಬಿಟ್ಟರೆ?

ಮರುದಿನ ಅವಳು ಸಾಲಿಗೆ ಹೋಗಲಿಲ್ಲ. ಅಕ್ಕಿಯಷ್ಟೇ ಹೆಸರುಬೇಳೆ ಹಾಕಿ, ನೀರು ಹೆಚ್ಚಿಟ್ಟು, ಬೆರಳಲ್ಲಿ ಹಿಚುಕಿದರೆ ಕರಗುವಷ್ಟು ಬೇಯಿಸಿದಳು. ಬೆಲ್ಲದ ಚೂರಿನ ಗಾತ್ರದ ಕುಂಬಳಕಾಯಿ ಹೋಳು ಬೆಂದು ಅದರಲ್ಲೇ ಕರಗಿತು. ಹುರಿದ ಶೇಂಗಾ ನುಣ್ಣಗೆ ಕುಟ್ಟಿ, ವಸಡಿಗೆ ಸಿಕ್ಕೀತೆಂದು ಜರಡಿ ಹಿಡಿದು, ಮೊಸರಿಗೆ ಕಲಸಿದಳು. ಹಾಲಿಗೆ ಲಿಂಬೆ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಹಿಟ್ಟಿನಂತೆ ಮಿದ್ದಿಟ್ಟಳು. ಮೇಲೆ ತುಪ್ಪ. ಆರಲು ಬಿಟ್ಟಳು.

ಪೂಜೆ ಮುಗಿಸಿ ಅವ್ವ ಬಂದಳು. ಆರು ವರ್ಷದಲ್ಲಿ ಮೊದಲ ಸಲ ಶಿವಗಂಗಾ ಅವಳ ಊಟದ ಹೊತ್ತಿಗೆ ಎದುರು ಕುಳಿತಳು.

“ಸಾಕು, ಸಾಕು,” ಅವ್ವ ತಾಟಿಗೆ ಕೈ ಅಡ್ಡ ಹಿಡಿದಳು. ಬಿದ್ದದ್ದು ಎರಡು ಚಮಚ.

“ಉಳಿದ್ರ ನಾ ಉಣ್ತೀನಿ, ನೀ ಚಿಂತಿ ಮಾಡಬ್ಯಾಡ. ಕೈ ತಗಿ.”

ಕೈ ಕೂಡಲೇ ಸರಿಯಲಿಲ್ಲ. ಶಿವಗಂಗಾ ಕಾಯ್ದಳು. ಕೊನೆಗೆ ಸರಿಯಿತು, ಇನ್ನೆರಡು ಚಮಚ ಬಿತ್ತು.

ಮೊದಲ ತುತ್ತು ಬಾಯಿಗಿಟ್ಟ ಅವ್ವ ಕಣ್ಣು ಮುಚ್ಚಿದಳು. ಅಗಿಯಬೇಕಾಗಲಿಲ್ಲ, ನಾಲಿಗೆಯಲ್ಲಿ ಒತ್ತಿದಳು, ಇಳಿಯಿತು. ಆಮೇಲೆ ಅವಳು ತಲೆ ಎತ್ತಲೇ ಇಲ್ಲ. ತುತ್ತಿನ ಮೇಲೆ ತುತ್ತು, ಯಾರೋ ಕಸಿದುಕೊಂಡಾರೆಂಬಂತೆ ಎಡಗೈಯಲ್ಲಿ ತಾಟಿನ ಅಂಚು ಹಿಡಿದು ಉಂಡಳು. ಗಲ್ಲದ ಮೇಲೆ ಮೊಸರು ಇಳಿದದ್ದೂ ತಿಳಿಯಲಿಲ್ಲ. ಖಾಲಿಯಾದಾಗ ತಾಟನ್ನು ಒಂದು ಬೆರಳಿನಷ್ಟು ಮಗಳ ಕಡೆ ಸರಿಸಿದಳು, ನಾಚಿಕೊಂಡು.

ಶಿವಗಂಗಾ ಸೌಟು ಎತ್ತಿದಳು. ನೀಡಿ, ಸೆರಗಿನಿಂದ ಅವ್ವನ ಗಲ್ಲ ಒರೆಸಿ, ಕೇಳಿಯೇಬಿಟ್ಟಳು:

“ಯವ್ವಾ, ಇಷ್ಟು ದಿನಾ ಹಸಗೊಂಡ ಇದ್ದೆಯೇನ?”