ಟವೆಲ್ ಕೆಳಗಿನ ಕರಾರು

ಗೋಳಗುಮ್ಮಟದ ಹತ್ತಿರ ಬಳೆ ಅಂಗಡಿಯ ಮಾಳಿಗೆಯ ಮೇಲೆ ಚೇತನಕುಮಾರನ ಸಾಫ್ಟ್‌ವೇರ್ ಕಂಪನಿ. ಕಂಪನಿ ಎಂದರೆ ಅವನು, ಇನ್ನು ಮೂವರು ನೌಕರರು, ಒಂದು ಗೊರಗೊರ ಫ್ಯಾನು. ಇಷ್ಟೂ ಜನರ ಅನ್ನ ನಡೆಯುತ್ತಿದ್ದದ್ದು ತಿಕೋಟಾದ ಒಣದ್ರಾಕ್ಷಿ ಬೆಳೆಗಾರರ ಸಂಘದಿಂದ. ಸಂಘದ ಸವಾಲನ್ನು, ಅಂದರೆ ಹರಾಜನ್ನು, ಆನ್‌ಲೈನಿಗೆ ತಂದವನು ಅವನೇ. ಸಂಘದ ಬಬಲೇಶ್ವರ ಉಪಕೇಂದ್ರದಲ್ಲಿ ಕುಳಿತ ವ್ಯಾಪಾರಿಯೂ ತಿಕೋಟಾದ ಮಾಲಿಗೆ ದರ ಹಾಕಬಹುದಿತ್ತು. ಈಗ ಆ ಒಪ್ಪಂದ ಹೊಸದಾಗಬೇಕು. ಆಗದಿದ್ದರೆ ಕಂಪನಿಗೆ ಬೀಗ, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಗಂಟಲಿಗೆ ಸಿಕ್ಕಿಕೊಂಡದ್ದು ಒಂದೇ ಒಂದು ಸಾಲು. 'ಸೇವೆಯು ತಿಂಗಳಿಗೆ ಶೇಕಡಾ ತೊಂಬತ್ತೊಂಬತ್ತೂವರೆ ಲಭ್ಯವಿರತಕ್ಕದ್ದು, ಕಡಿಮೆಯಾದರೆ ದಂಡ ಕಡಿತ.' ಹೋದ ವರ್ಷ ಅವಸರದಲ್ಲಿ ಎಲ್ಲಿಂದಲೋ ಎತ್ತಿ ಹಾಕಿದ ಸಾಲು. ಎತ್ತಿ ಹಾಕುವಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಏನೋ.

ಸಂಘದ ಅಧ್ಯಕ್ಷ ಅಮರಪ್ಪ ಹಳೆಯ ದಲ್ಲಾಳಿ. ಟವೆಲ್ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಿದ್ದ ಕಾಲದವನು, ಕಂಪ್ಯೂಟರ್ ಸವಾಲು ಅವನಿಗೆ ಒಗ್ಗಿದ್ದೇ ಕಷ್ಟದಿಂದ. ಸಂಘದ ಕಚೇರಿಯಲ್ಲಿ ಕಾರ್ಯದರ್ಶಿ ಅನುರಾಧಾ ಚಹಾ ತರಿಸಿ ಇಬ್ಬರ ನಡುವೆ ಕುಳಿತಳು.

"ಒಂದು ಶುಕ್ರವಾರ ಸವಾಲಿನ ನಡುವ ಒಂದು ತಾಸು ಬಂದ್ ಬಿತ್ತಲ್ಲ ತಮ್ಮಾ, ಅದಕ್ಕ ದಂಡ ಎಷ್ಟು?" ಎಂದ ಅಮರಪ್ಪ.

"ದಂಡ ಇಲ್ಲರಿ ಅಜ್ಜಾರ. ತಿಂಗಳಂದ್ರ ಹಗಲು ರಾತ್ರಿ ಕೂಡಿ ಏಳುನೂರಾ ಇಪ್ಪತ್ತು ತಾಸು. ಅದರಾಗ ಅರ್ಧ ಪರ್ಸೆಂಟ್ ಅಂದ್ರ ಮೂರೂವರೆ ತಾಸಿನ ಮ್ಯಾಲೆ ಆತು. ಬಂದ್ ಇದ್ದದ್ದು ಒಂದ ತಾಸು."

"ನಡುರಾತ್ರ್ಯಾಗ ದ್ರಾಕ್ಷಿ ಯಾರ ತಗೊಳ್ತಾರ? ದೆವ್ವನ?"

ಚೇತನಕುಮಾರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆ ಮೂರೂವರೆ ತಾಸೂ ಸವಾಲಿನ ಹೊತ್ತಿಗೇ ಬಿದ್ದರೂ ಅವನ ಓದಿನಂತೆ ದಂಡವಿಲ್ಲ. ಅಜ್ಜನ ಓದಿನಂತೆ ರಾತ್ರಿಯೆಲ್ಲ ಬಂದ್ ಇದ್ದರೂ ದಂಡವಿಲ್ಲ, ಆದರೆ ಹಗಲು ಒಂದು ಗಳಿಗೆ ನಿಂತರೆ ಕಂಪನಿ ಮುಳುಗಿತು. ಸಾಲು ಒಂದೇ, ಕರಾರು ಎರಡು.

"ಹಂಗಾದ್ರ ಹಿಂಗ ಮಾಡೂಣು," ಅಮರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲಿಟ್ಟ. "ಮೊದಲ ಬಿಡಿಸಿ ಬರೀರಿ. ಆಮ್ಯಾಲೆ ಹೋದ ಹಂಗಾಮಿನ ಮೂರು ತಕರಾರು ತಗೊಂಡು, ಬರದದ್ದರ ಪ್ರಕಾರ ಇಬ್ಬರೂ ಬ್ಯಾರೆ ಬ್ಯಾರೆ ಲೆಕ್ಕ ಹಾಕೂಣು. ಟವೆಲ್ ಕೆಳಗ ಬೆರಳು. ಒಂದು ಬೆರಳಂದ್ರ ಆ ತಿಂಗಳ ಬಿಲ್ಲಿನಾಗ ಐದು ಪರ್ಸೆಂಟ್ ಕಡಿತ. ಮುಷ್ಟಿ ಅಂದ್ರ ದಂಡ ಇಲ್ಲ. ಮೂರೂ ಕೂಡಿದ್ರ ಸಹಿ. ಒಂದು ತಪ್ಪಿದ್ರೂ ಕರಾರು ಇಲ್ಲ, ನಾವು ಟವೆಲ್ಲಿಗೇ ವಾಪಸ್."

ಅನುರಾಧಾ ಬರೆದಳು. ಅಳೆಯುವುದು ಸವಾಲಿನ ತಾಸುಗಳನ್ನು ಮಾತ್ರ: ಮಂಗಳವಾರ, ಶುಕ್ರವಾರ, ಹತ್ತರಿಂದ ನಾಲ್ಕು. ತೊಂಬತ್ತೊಂಬತ್ತೂವರೆಗಿಂತ ಇಳಿದರೆ ಐದು ಪರ್ಸೆಂಟ್, ತೊಂಬತ್ತೆಂಟಕ್ಕಿಂತ ಇಳಿದರೆ ಹತ್ತು, ತೊಂಬತ್ತೈದಕ್ಕಿಂತ ಇಳಿದರೆ ಇಪ್ಪತ್ತು, ಅದಕ್ಕಿಂತ ಹೆಚ್ಚಿಲ್ಲ. ಸರ್ವರ್ ನಡೆಯುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ನೋಡುವುದು ಹೊರಗಿನ ಮೂರನೆಯವರ ತಪಾಸಣೆ, ಅದರ ವರದಿಯೇ ಪ್ರಮಾಣ. ಸಂಘದ ಕರೆಂಟು, ಸಂಘದ ಇಂಟರ್ನೆಟ್ಟು ಸಂಘದ ಜವಾಬ್ದಾರಿ. ಎರಡು ದಿನ ಮೊದಲು ತಿಳಿಸಿ ಮಾಡುವ ದುರಸ್ತಿ ಲೆಕ್ಕಕ್ಕಿಲ್ಲ.

ಮೊದಲನೆಯದು ಅದೇ ಶುಕ್ರವಾರದ ಒಂದು ತಾಸು. ಆ ತಿಂಗಳು ಸವಾಲು ನಡೆದದ್ದು ಎಂಟು ದಿನ, ನಲವತ್ತೆಂಟು ತಾಸು. ಒಂದು ತಾಸು ಹೋದರೆ ತೊಂಬತ್ತೆಂಟಕ್ಕೆ ಕೂದಲೆಳೆಯಷ್ಟು ಕಡಿಮೆ. ಟವೆಲ್ ಕೆಳಗೆ ಅಜ್ಜನ ಒರಟು ಬೆರಳೆರಡು ಅವನ ಎರಡು ಬೆರಳಿಗೆ ತಾಗಿದವು. ಕೂಡಿತು.

ಎರಡನೆಯದು ಬಬಲೇಶ್ವರದಲ್ಲಿ ಕರೆಂಟು ಹೋಗಿ ಸವಾಲು ನಿಂತದ್ದು. ಆವತ್ತು ಇದೇ ಅಮರಪ್ಪ ಫೋನಿನಲ್ಲಿ ಅವನ ಮನೆತನವನ್ನೆಲ್ಲ ಉದ್ಧಾರ ಮಾಡಿದ್ದ. ಇವತ್ತು ಗೊಣಗಿದ, ಮೂಗು ಒರೆಸಿಕೊಂಡ, ಕೊನೆಗೆ ಕೈ ಚಾಚಿದ. ಮುಷ್ಟಿಗೆ ಮುಷ್ಟಿ ತಾಗಿತು. ಚೇತನಕುಮಾರನಿಗೆ ಮುದುಕನ ಮೇಲೆ ಪ್ರೀತಿಯೇ ಬಂತು.

ಮೂರನೆಯದು ಅಮಾವಾಸ್ಯೆಯದು. ಅಮಾವಾಸ್ಯೆಗೆ ಸಂಘದಲ್ಲಿ ತಕ್ಕಡಿ ಮುಟ್ಟುವುದಿಲ್ಲ, ಸವಾಲಿಲ್ಲ. ಹಾಗಾಗಿ ಚೇತನಕುಮಾರ ಗೋಡೆಯ ಕ್ಯಾಲೆಂಡರ್ ನೋಡಿ, ಮಂಗಳವಾರ ಅಮಾವಾಸ್ಯೆ ಎಂದುಕೊಂಡು, ಹಾಡಹಗಲೇ ಅರ್ಧ ತಾಸು ದುರಸ್ತಿಗೆ ಸರ್ವರ್ ನಿಲ್ಲಿಸಿದ್ದ. ಸಂಘದವರು ಪಂಚಾಂಗ ಕೇಳಿ ಅಮಾವಾಸ್ಯೆಯನ್ನು ಸೋಮವಾರವೇ ಮುಗಿಸಿದ್ದರು. ಮಂಗಳವಾರ ಸವಾಲು ಭರ್ತಿ ನಡೆದಿರುವಾಗಲೇ ಸರ್ವರ್ ನಿಂತಿತ್ತು. ಅನುರಾಧಾಳಿಗೆ ತಿಳಿಸುವ ಇ-ಮೇಲ್ ಕಳಿಸಿದ್ದೇನೋ ನಿಜ. ಕಳಿಸಿದ್ದು ಹಿಂದಿನ ಸಂಜೆ. ಎರಡು ದಿನ ಮೊದಲಲ್ಲ. ತಿಂಗಳ ಸವಾಲಿನಲ್ಲಿ ಅರ್ಧ ತಾಸು ಹೋದರೆ ತೊಂಬತ್ತೊಂಬತ್ತರ ಆಸುಪಾಸು, ಅಂದರೆ ಒಂದು ಬೆರಳು.

ಟವೆಲ್ ಕೆಳಗೆ ಅಜ್ಜನ ಕೈ ಮೊದಲೇ ಬಂದು ಕುಳಿತಿತ್ತು. ಮುಷ್ಟಿ.

ಚೇತನಕುಮಾರನ ಬೆರಳು ಇನ್ನೂ ಪೂರ್ತಿ ಚಾಚಿರಲಿಲ್ಲ. ಮಡಚಿಕೊಂಡರೆ ಆಯಿತು, ಮೂರೂ ಕೂಡಿದಂತೆ. ಸಹಿ, ಚಹಾ, ಮನೆ. ಮುದುಕನಿಗೆ ಮೇಲ್ ಬಂದ ಹೊತ್ತು ಗೊತ್ತಿಲ್ಲ, ಯಾರು ಕೇಳುತ್ತಾರೆ? ಮೂವರು ನೌಕರರ ಮುಖಗಳು ಸಾಲಾಗಿ ಕಣ್ಣ ಮುಂದೆ ಬಂದವು. ತನ್ನನ್ನು ತಾನೇ ಬೈದುಕೊಳ್ಳುತ್ತ ಅವನು ಬೆರಳು ಚಾಚಿದ.

ಅಮರಪ್ಪ ಟವೆಲ್ ಸರಕ್ಕನೆ ಎಳೆದ. "ಕೂಡಲಿಲ್ಲ."

ಚೇತನಕುಮಾರನ ಕಿವಿ ಬಿಸಿಯಾದವು. ಆದದ್ದಾಯಿತು ಎಂದು ಬಾಯಿಬಿಟ್ಟ.

"ದಂಡ ಐತ್ರಿ ಅಜ್ಜಾರ. ಐದು ಪರ್ಸೆಂಟ್."

"ಇಲ್ಲ. ನೋಟಿಸ್ ಬಂದಿತ್ತಂತ ಅನುರಾಧಾ ಹೇಳ್ಯಾಳ."

"ಬಂದಿತ್ತರಿ," ಎಂದಳು ಅನುರಾಧಾ. "ಯಾವಾಗ ಬಂತಂತ ನೀವು ಕೇಳಲಿಲ್ಲ."

"ಹಿಂದಿನ ಸಂಜಿಗೆ ಕಳಿಸೇನ್ರಿ," ಎಂದ ಚೇತನಕುಮಾರ. "ಎರಡು ದಿನ ಆಗಿಲ್ಲ. ದಂಡ ಹಾಕಬೇಕ್ರಿ."

"ಹಾಕೂದಿಲ್ಲ. ತಿಳಿಸಿದ್ದಿ, ಮುಗೀತು."

"ಹಾಕಾಕ ಬೇಕು."

ದಂಡ ಕೊಡುವವ ಹಾಕಿ ಎನ್ನುತ್ತಾನೆ, ಪಡೆಯುವವ ಒಲ್ಲೆ ಎನ್ನುತ್ತಾನೆ. ಅನುರಾಧಾ ಇಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟಳು. "ಓದೂದರಾಗ ಫರಕಿಲ್ಲರಿ. ಮೇಲ್ ಬಂದ ಹೊತ್ತು ಒಬ್ಬರಿಗೆ ಗೊತ್ತಿತ್ತು, ಒಬ್ಬರಿಗೆ ಇರಲಿಲ್ಲ. ಅಷ್ಟ."

ಅಮರಪ್ಪ ಚೇತನಕುಮಾರನ ಕಡೆ ತಿರುಗಿದ. "ನನ್ನ ಮುಷ್ಟಿ ನಿನ್ನ ಕೈಗೆ ಹತ್ತಿತ್ತಲ್ಲ. ಬೆರಳು ಮಡಚಬೇಕಿತ್ತು."

"ಮಡಚಿದ್ರ ಇವತ್ತ ಕೂಡತಿತ್ರಿ. ಮುಂದಿನ ಅಮಾಸಿಗೆ ಮತ್ತ ಜಗಳ ಬೀಳತಿತ್ತು."

ಮುದುಕ ಕಾಗದವನ್ನು ಅನುರಾಧಾಳ ಕಡೆಗೆ ದೂಡಿದ. "ಇದನ್ನೂ ಬರಿ. ನೋಟಿಸಿನ ಎರಡು ದಿನ ಎಣಿಸೂದು, ಮುಟ್ಟೇತಿ ಅಂತ ನೀ ತಿರುಗಿ ಉತ್ತರ ಕೊಟ್ಟ ಹೊತ್ತಿನಿಂದ. ಆ ಹೊತ್ತು ನನಗೂ ತಿಳೀಬೇಕು. ಸವಾಲಿನ ದಿನ ಯಾವುದಂತ ಸಂಘದ ಹಲಗಿ ಹೇಳ್ತದ, ಯಾರ ಮನಿ ಕ್ಯಾಲೆಂಡರೂ ಅಲ್ಲ." ಬರೆದು ಮುಗಿದ ಮೇಲೆ, "ಓದು ಒಂದ ಐತಿ, ಮೂರನೇದ್ದು ಮತ್ತೊಮ್ಮೆ ನೋಡೂಣು," ಎಂದು ಟವೆಲ್ ಮತ್ತೆ ಹಾಸಿದ. ಈ ಸಲ ಒಂದು ಬೆರಳಿಗೆ ಒಂದು ಬೆರಳು ತಾಗಿತು.

ಅಮರಪ್ಪ ಸಹಿ ಹಾಕಿ ಪೆನ್ನನ್ನು ಅವನ ಕೈಗೆ ಕೊಟ್ಟ.

"ತನಗ ಲುಕ್ಸಾನ ಆಗೂ ಬೆರಳು ಚಾಚಿದಾಂವನ್ನ ಈ ದಲಾಲ್ಯಾಗ ನಾ ಇವತ್ತಿನ ತನಕ ಕಂಡಿಲ್ಲ ತಮ್ಮಾ," ಎಂದ. "ಸಾಫ್ಟ್‌ವೇರ್ ನೀನ ನೋಡಕೋ. ಆದ್ರ ದ್ರಾಕ್ಷಿ ಸವಾಲಿಗೆ ಮಾತ್ರ ಯಾವತ್ತೂ ಕೂಡಬ್ಯಾಡ. ಒಂದ ದಿನದಾಗ ಮನಿ ಮಾರಕೋತಿ."

ಚೇತನಕುಮಾರನಿಗೆ ನಗುವೂ ಬಂತು, ಕಣ್ಣೂ ತುಂಬಿದವು. ಸಹಿಯ ಜಾಗ ಮಂಜಾಗಿ ಕಂಡು, ಹೆಸರು ಗೆರೆಯಿಂದ ಸ್ವಲ್ಪ ಕೆಳಗೆ ಬಿತ್ತು.