ಅರ್ಧ ಗಂಟೆಯ ಕೇಬಲ್

“ತೀರಿಕೊಂಡ ನಮ್ಮ ಯಜಮಾನರ ಫೋನಿಂದ ಫೋಟೋ ತಗೊಳ್ಳೋಣ ಅಂದ್ರೆ, ಫೋನು ಲ್ಯಾಪ್‌ಟಾಪಲ್ಲಿ ಕಾಣಿಸ್ತಾನೇ ಇಲ್ಲಪ್ಪ,” ಎಂದು ಟೈಲರಮ್ಮ ಎರಡನ್ನೂ ನನ್ನ ರಿಪೇರಿ ಅಂಗಡಿಯ ಕೌಂಟರ್ ಮೇಲಿಟ್ಟರು.

ಅವರು ತಂದ ಕೇಬಲ್ ನೋಡಿ ನನಗೆ ರೇಗಿತು. “ಟಾರ್ಚ್ ಜೊತೆ ಬಂದಿದ್ದಲ್ವಾ ಇದು? ಬರೀ ಚಾರ್ಜಿಗೆ. ಒಳಗೆ ಡೇಟಾ ತಂತೀನೇ ಇಲ್ಲ, ಫೋಟೋ ಏನು ಹಾರ್ಕೊಂಡು ಹೋಗುತ್ತಾ?”

ನನ್ನ ಹತ್ತಿರ ಎರಡು ಡೇಟಾ ಕೇಬಲ್‌ಗಳಿದ್ದವು. “ಫೋನು, ಲ್ಯಾಪ್‌ಟಾಪು ಎರಡೂ ಹೊಸವು. ಈ ಒಳ್ಳೇ ಕೇಬಲ್ ಹಾಕಿದ್ರೆ ಮೂರೇ ನಿಮಿಷ. ಈ ಹಳೇದಾದ್ರೆ ಅರ್ಧ ಗಂಟೆ.”

ಟೈಲರಮ್ಮ ಸ್ಟೂಲ್ ಎಳೆದುಕೊಂಡು ಕೂತರು. “ಹಳೇದೇ ಹಾಕು. ಮನೇಲಿ ಯಾರು ಕಾಯ್ತಿದ್ದಾರೆ?”

ನನ್ನ ಮನೆಯಲ್ಲೂ ಯಾರೂ ಇರಲಿಲ್ಲ. ಅವರು ಯಜಮಾನರ ಸುದ್ದಿ ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ. ಅಷ್ಟರಲ್ಲಿ ಫೋಟೋ ಕಾಪಿಯಾಗುವುದು ಮುಗಿದೇಹೋಯಿತು.

“ಎಲ್ಲಾ ಬಂದಿದೆಯೋ ಇಲ್ವೋ, ನಾಳೆ ಬನ್ನಿ, ಇನ್ನೊಂದ್ಸಲ ನೋಡೋಣ,” ಎಂದೆ.

ಒಂದೂ ಬಿಡದೆ ಎಲ್ಲವೂ ಬಂದಿತ್ತು.